ಇಂಟರ್‌ವ್ಯೂ ಆದ ಮೇಲಿನ ಮೇಲ್: ಕೆಲಸದ ಅಳತೆಗೋಲು ಯಾವುದು, ಮೊದಲ 90 ದಿನದಲ್ಲಿ ಏನಾಗಬೇಕು ಎಂದು ಕೇಳುವುದು ಹೇಗೆ?

ಇಂಟರ್‌ವ್ಯೂ ಮುಗಿದ ಮೇಲೆ ಹಾಕುವ ಥ್ಯಾಂಕ್ಯೂ ಮೇಲ್‌ನಲ್ಲಿ ಪ್ರಶ್ನೆ ಕೇಳಬಹುದಾ, ಕೇಳಿದರೆ ತಪ್ಪು ತಿಳಿಯುತ್ತಾರಾ ಎಂದು ಓದುಗರು ಪದೇ ಪದೇ ಕೇಳುತ್ತಿದ್ದಾರೆ. ಅದರಲ್ಲೂ ಎರಡು ಪ್ರಶ್ನೆಗಳ ಬಗ್ಗೆ. ಈ ಕೆಲಸ ಚೆನ್ನಾಗಿ ನಡೆಯಿತು ಎಂದು ಕಂಪನಿ ಏನನ್ನು ನೋಡಿ ಹೇಳುತ್ತದೆ? ಸೇರಿದ ಮೊದಲ 90 ದಿನದಲ್ಲಿ ನನ್ನಿಂದ ಏನಾಗಬೇಕು?

ಖಂಡಿತ ಕೇಳಬಹುದು. ಆದರೆ ಎಲ್ಲೋ ಓದಿದ ಸಾಲನ್ನು ಹಾಗೇ ಎತ್ತಿ ಹಾಕಿದರೆ ಉತ್ತರವೂ ಹಾಗೇ ಬರುತ್ತದೆ. 'ಅದೆಲ್ಲ ಸೇರಿದ ಮೇಲೆ ಮಾತಾಡೋಣ' ಎಂಬ ಒಂದೇ ಸಾಲು. ಇಂಟರ್‌ವ್ಯೂನಲ್ಲಿ ಅವರೇ ಆಡಿದ ಮಾತನ್ನು ಹಿಡಿದುಕೊಂಡು ಕೇಳಿದರೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಅದನ್ನು ಮಾಡುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಶುರು ಮಾಡುವ ಮೊದಲು ಒಂದು ಮಾತು. ಇದು ಖಾಸಗಿ ಕಂಪನಿಯಲ್ಲಿ, ಅನುಭವ ಇದ್ದವರು ಒಂದು ನಿರ್ದಿಷ್ಟ ಹುದ್ದೆಗೆ ಇಂಟರ್‌ವ್ಯೂ ಕೊಟ್ಟಾಗ ಬಳಸುವ ದಾರಿ. ಅಧಿಸೂಚನೆ ಹೊರಡಿಸಿ ನಡೆಸುವ ಸರ್ಕಾರಿ ನೇಮಕಾತಿಗೆ ಇದು ಹೊಂದುವುದಿಲ್ಲ. ಅಲ್ಲಿ ಸಂದರ್ಶನ ಮಾಡಿದವರಿಗೆ ಖಾಸಗಿಯಾಗಿ ಮೇಲ್ ಹಾಕಲೇಬಾರದು. ಕ್ಯಾಂಪಸ್‌ನಿಂದ ಬ್ಯಾಚ್ ಬ್ಯಾಚಾಗಿ ತೆಗೆದುಕೊಳ್ಳುವ ಕಡೆಯೂ ಅಷ್ಟೇನೂ ಪ್ರಯೋಜನವಿಲ್ಲ. ಅಲ್ಲಿ ಮೊದಲ ಕೆಲವು ತಿಂಗಳು ಎಲ್ಲರಿಗೂ ಒಂದೇ ಟ್ರೇನಿಂಗ್. ಅದರ ಕೊನೆಯಲ್ಲಿ ಪರೀಕ್ಷೆ ಇದೆಯಾ, ಪಾಸಾಗದಿದ್ದರೆ ಏನು ಎಂದು ಎಚ್‌ಆರ್‌ಗೆ ಕೇಳಿದರೆ ಸಾಕು.

ಉಳಿದದ್ದೆಲ್ಲ ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಹೀಗಂದುಕೊಳ್ಳಿ: ನೀವು ಮೈಸೂರಿನಲ್ಲಿ ಕಸ್ಟಮರ್ ಸಪೋರ್ಟ್‌ನಲ್ಲಿ ಐದು ವರ್ಷ ಕೆಲಸ ಮಾಡಿದ್ದೀರಿ. ಬೆಂಗಳೂರಿನ ಒಂದು ಕಂಪನಿ ಅಂಗಡಿ ಮತ್ತು ಸಣ್ಣ ವ್ಯಾಪಾರಸ್ಥರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತದೆ. ಅಲ್ಲಿ ಸಪೋರ್ಟ್ ಟೀಮ್ ಲೀಡ್ ಹುದ್ದೆಗೆ ಅಕ್ಟೋಬರ್ ಮೊದಲ ವಾರ ಇಂಟರ್‌ವ್ಯೂ ಕೊಟ್ಟಿದ್ದೀರಿ. ನಿಮ್ಮ ಈಗಿನ ಕಂಪನಿಯಲ್ಲಿ ನೋಟಿಸ್ ಪೀರಿಯಡ್ 60 ದಿನ.

1. ಕಟ್ಟಡದಿಂದ ಹೊರಗೆ ಬಂದ ಕೂಡಲೇ ಬರೆದುಕೊಳ್ಳಿ

ಆನ್‌ಲೈನ್ ಇಂಟರ್‌ವ್ಯೂ ಆಗಿದ್ದರೆ ಕರೆ ಕಟ್ಟಾದ ಕೂಡಲೇ. ಸಂಜೆ ಬರೆದರಾಯಿತು ಎಂದುಕೊಂಡರೆ ಅವರು ಹೇಳಿದ್ದರ ಸಾರಾಂಶ ಮಾತ್ರ ನೆನಪಿರುತ್ತದೆ, ಮಾತು ನೆನಪಿರುವುದಿಲ್ಲ. ನಮಗೆ ಬೇಕಿರುವುದು ಮಾತು.

ಮೂರು ಸಂಗತಿ ಬರೆದುಕೊಳ್ಳಿ. ಒಂದು, ಅವರು ಎರಡು ಮೂರು ಸಲ ತಿರುಗಿ ತಿರುಗಿ ಹೇಳಿದ ತೊಂದರೆ ಯಾವುದು. ಎರಡು, ಬಾಯಿಂದ ಬಂದ ಅಂಕಿ ಯಾವುದಾದರೂ ಇದ್ದರೆ ಅದು. ಮೂರು, ಈ ಹುದ್ದೆ ಯಾಕೆ ಖಾಲಿ ಆಯಿತು ಎಂಬುದು. ಹಿಂದೆ ಇದ್ದವರು ಬಿಟ್ಟುಹೋದರಾ, ಬಡ್ತಿ ಸಿಕ್ಕಿ ಮೇಲೆ ಹೋದರಾ, ಅಥವಾ ಇದು ಹೊಸದಾಗಿ ಮಾಡಿದ ಹುದ್ದೆಯಾ? ಹೊಸ ಹುದ್ದೆಯಾದರೆ ಅದನ್ನು ಹೇಗೆ ಅಳೆಯಬೇಕು ಎಂದು ಅವರಿಗೇ ಇನ್ನೂ ಗಟ್ಟಿಯಾಗಿರುವುದಿಲ್ಲ. ಆಗ ಪ್ರಶ್ನೆಯನ್ನು ಸ್ವಲ್ಪ ಮೆತ್ತಗೆ ಕೇಳಬೇಕಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಮ್ಯಾನೇಜರ್ ಎರಡು ಸಲ ಹೇಳಿದ್ದು ಇದು: 'ಎಸ್ಕಲೇಶನ್ ತುಂಬಾ ಜಾಸ್ತಿ ಆಗಿದೆ, ಅದನ್ನು ಟೀಮ್ ಮಟ್ಟದಲ್ಲೇ ತಡೆಯುವವರು ಬೇಕು.' ಎಸ್ಕಲೇಶನ್ ಅಂದರೆ ಸಪೋರ್ಟ್‌ನವರ ಕೈಯಲ್ಲಿ ಬಗೆಹರಿಯದೆ ಮೇಲಿನವರಿಗೋ ಎಂಜಿನಿಯರಿಂಗ್ ಟೀಮಿಗೋ ಹೋಗುವ ದೂರು. ಎಷ್ಟು ಜಾಸ್ತಿ ಎಂದು ಅವರು ಹೇಳಲಿಲ್ಲ. ನೀವು ಮೇಲ್‌ನಲ್ಲಿ ಕೇಳಬೇಕಾದದ್ದು ಅಲ್ಲೇ ಇದೆ.

2. ಯಾರಿಗೆ ಕೇಳಬೇಕು

ಈ ಪ್ರಶ್ನೆಗೆ ಉತ್ತರ ಇರುವುದು ಹೈರಿಂಗ್ ಮ್ಯಾನೇಜರ್ ಹತ್ತಿರ. ಅಂದರೆ ನೀವು ಸೇರಿದರೆ ಯಾರಿಗೆ ರಿಪೋರ್ಟ್ ಮಾಡುತ್ತೀರೋ ಅವರ ಹತ್ತಿರ. ಎಚ್‌ಆರ್ ರಿಕ್ರೂಟರ್‌ಗೆ ಕೇಳಿದರೆ ಅವರು ಜಾಬ್ ಡಿಸ್ಕ್ರಿಪ್ಶನ್‌ನಲ್ಲಿ ಇರುವುದನ್ನೇ ಮತ್ತೆ ಕಳಿಸುತ್ತಾರೆ. ಅವರ ತಪ್ಪಲ್ಲ, ಅವರಿಗೆ ಗೊತ್ತಿರುವುದೇ ಅಷ್ಟು.

ತೊಂದರೆ ಏನೆಂದರೆ ತುಂಬಾ ಸಲ ಮ್ಯಾನೇಜರ್ ಮೇಲ್ ಐಡಿ ನಮ್ಮ ಹತ್ತಿರ ಇರುವುದಿಲ್ಲ. ಮೊದಲು ಇಂಟರ್‌ವ್ಯೂನ ಕ್ಯಾಲೆಂಡರ್ ಆಮಂತ್ರಣ ತೆರೆದು ನೋಡಿ. ಕರೆಗೆ ಬಂದವರ ಐಡಿ ಅಲ್ಲಿ ಕಾಣುವುದುಂಟು. ಅಲ್ಲಿ ಇಲ್ಲದಿದ್ದರೆ ರಿಕ್ರೂಟರ್‌ಗೆ ಮೇಲ್ ಹಾಕಿ, 'ಕೆಳಗಿನ ಮಾತುಗಳನ್ನು ದಯವಿಟ್ಟು ಅವರಿಗೆ ತಲುಪಿಸಿ' ಎಂದು ಬರೆಯಿರಿ. ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಕನ್ಸಲ್ಟೆಂಟ್ ಮೂಲಕವೇ ಕಳಿಸಿ. ಅವರನ್ನು ದಾಟಿ ನೇರವಾಗಿ ಹೋದರೆ ಸುಮ್ನೆ ಮನಸ್ತಾಪ. ಕಂಪನಿಯವರ ಐಡಿ ಹೀಗಿರಬಹುದು ಎಂದು ಊಹಿಸಿ ಕಳಿಸುವುದು, ರಾತ್ರಿ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಸಂದೇಶ ಹಾಕುವುದು ಬೇಡ. ಅವರೇ ಲಿಂಕ್ಡ್‌ಇನ್‌ನಲ್ಲಿ ನಿಮ್ಮನ್ನು ಸಂಪರ್ಕಿಸಿದ್ದರೆ ಮಾತು ಬೇರೆ.

ಪ್ಯಾನೆಲ್‌ನಲ್ಲಿ ಮೂರು ಜನ ಇದ್ದರೆ ಮೂವರಿಗೂ ಧನ್ಯವಾದ ಹೇಳಿ, ಪ್ರಶ್ನೆ ಮಾತ್ರ ಒಬ್ಬರಿಗೆ ಕೇಳಿ. ಒಂದೇ ಪ್ರಶ್ನೆಯನ್ನು ಮೂವರಿಗೂ ಕಳಿಸಿದರೆ ಅವರು ಮಾತಾಡಿಕೊಳ್ಳುವಾಗ ಅದು ಗೊತ್ತಾಗಿಯೇ ಆಗುತ್ತದೆ. ಆಗ ನಿಮ್ಮ ಕಾಳಜಿಯೇ ಅವರನ್ನು ಪರೀಕ್ಷೆ ಮಾಡುವ ಹಾಗೆ ಕಾಣುತ್ತದೆ.

3. ಅಳತೆಯ ಪ್ರಶ್ನೆಯನ್ನು ಕಟ್ಟಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು.

'ನನ್ನಿಂದ ನಿಮ್ಮ ನಿರೀಕ್ಷೆಗಳೇನು?' ಎಂದು ಕೇಳಬೇಡಿ. ಅದಕ್ಕೆ ಯಾರಾದರೂ 'ಜವಾಬ್ದಾರಿ ತೆಗೆದುಕೊಳ್ಳಬೇಕು, ಟೀಮ್ ಜೊತೆ ಹೊಂದಿಕೊಂಡು ಹೋಗಬೇಕು' ಎಂದೇ ಹೇಳುತ್ತಾರೆ. 'ಈ ಹುದ್ದೆಯ ಕೆಪಿಐ ಏನು?' ಎಂದೂ ಬೇಡ. ಕೆಪಿಐ ಅಂದರೆ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ತೋರಿಸುವ ಅಂಕಿ. ಕೆಆರ್‌ಎ ಅಂದರೆ ನಿಮ್ಮ ಜವಾಬ್ದಾರಿಗೆ ಬರುವ ಕ್ಷೇತ್ರ. ಈ ಎರಡೂ ಪದ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ರೀತಿ ಬಳಕೆಯಲ್ಲಿವೆ. ಪದ ಬಳಸಿ ಕೇಳಿದರೆ ಎಚ್‌ಆರ್ ಫಾರ್ಮಿನಲ್ಲಿರುವ ಹತ್ತು ಸಾಲಿನ ಪಟ್ಟಿ ಬರುತ್ತದೆ. ಆ ಹತ್ತರಲ್ಲಿ ಯಾವುದನ್ನು ನೋಡಿ ನಿಮ್ಮನ್ನು ನಿಜವಾಗಿ ಅಳೆಯುತ್ತಾರೆ ಎಂಬುದು ಆಗಲೂ ತಿಳಿಯುವುದಿಲ್ಲ.

ಒಳ್ಳೆಯ ಪ್ರಶ್ನೆಯಲ್ಲಿ ಮೂರು ವಿಷಯ ಒಟ್ಟಿಗೆ ಇರುತ್ತವೆ: ಯಾವ ಅಂಕಿ, ಅದು ಈಗ ಎಲ್ಲಿದೆ, ಅದರಲ್ಲಿ ಎಷ್ಟು ಭಾಗ ಆ ಹುದ್ದೆಯಲ್ಲಿ ಇರುವವರ ಕೈಯಲ್ಲಿದೆ.

ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಪೋರ್ಟ್ ಕೆಲಸವನ್ನೇ ನೋಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಬಗ್ಗೆ ಬರುವ ದೂರು ಎರಡು ಕಾರಣಕ್ಕೆ ಮೇಲಕ್ಕೆ ಹೋಗುತ್ತದೆ. ಕರೆ ತೆಗೆದುಕೊಂಡವರಿಗೆ ಜಿಎಸ್‌ಟಿ ಸೆಟ್ಟಿಂಗ್ ಸರಿಯಾಗಿ ಗೊತ್ತಿಲ್ಲದೆ ಹೋಗಬಹುದು. ಸಾಫ್ಟ್‌ವೇರ್‌ನಲ್ಲೇ ದೋಷ ಇದ್ದೂ ಹೋಗಬಹುದು. ಮೊದಲನೆಯದನ್ನು ಟೀಮ್ ಲೀಡ್ ಸರಿ ಮಾಡಬಲ್ಲರು, ಟೀಮಿನವರಿಗೆ ಕೂತು ಹೇಳಿಕೊಟ್ಟರೆ ಆಯಿತು. ಎರಡನೆಯದು ಎಂಜಿನಿಯರಿಂಗ್ ಟೀಮಿನ ಕೆಲಸ. ಎರಡೂ ಸೇರಿದ ಅಂಕಿಯನ್ನು ನಿಮ್ಮ ತಲೆಗೆ ಕಟ್ಟಿದರೆ, ಬೇರೆಯವರು ಮಾಡಬೇಕಾದ ಕೆಲಸಕ್ಕೆ ನೀವು ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಕೆಲವು ಅಂಕಿಗಳು ಒಂದನ್ನೊಂದು ಎಳೆಯುತ್ತವೆ. ಟಿಕೆಟ್ ಎಷ್ಟು ಬೇಗ ಮುಚ್ಚಿದಿರಿ ಎಂದು ಮಾತ್ರ ಅಳೆದರೆ ಹುಡುಗರು ಅರ್ಧಂಬರ್ಧ ಉತ್ತರ ಕೊಟ್ಟು ಮುಚ್ಚುತ್ತಾರೆ, ಗ್ರಾಹಕ ನಾಳೆ ಅದೇ ದೂರು ಹಿಡಿದು ಮತ್ತೆ ಬರುತ್ತಾನೆ. (ಟಿಕೆಟ್ ಅಂದರೆ ಗ್ರಾಹಕನ ಒಂದು ದೂರಿಗೆ ಕೊಡುವ ನಂಬರ್.) ಹಾಗಾಗಿ 'ಬೇಗ ಮುಚ್ಚುವುದು ಮುಖ್ಯವಾ, ಮತ್ತೆ ತೆರೆಯದಂತೆ ನೋಡಿಕೊಳ್ಳುವುದು ಮುಖ್ಯವಾ' ಎಂಬ ಪ್ರಶ್ನೆಗೆ ಮ್ಯಾನೇಜರ್ ಕೊಡುವ ಉತ್ತರ ನಿಮ್ಮ ದಿನದ ಕೆಲಸ ಹೇಗಿರುತ್ತದೆ ಎಂದು ಬಿಡಿಸಿ ಹೇಳುತ್ತದೆ. ಬೇರೆ ಕೆಲಸಗಳಲ್ಲೂ ಇಂಥ ಜೋಡಿ ಇರುತ್ತವೆ. ಸೇಲ್ಸ್‌ನಲ್ಲಿ ಹೊಸ ಗ್ರಾಹಕರ ಸಂಖ್ಯೆ ಮತ್ತು ಕೊಟ್ಟ ಡಿಸ್ಕೌಂಟ್. ನೇಮಕಾತಿಯಲ್ಲಿ ಹುದ್ದೆ ತುಂಬಲು ಹಿಡಿದ ದಿನ ಮತ್ತು ಸೇರಿದವರು ಆರು ತಿಂಗಳು ಉಳಿದರಾ ಎಂಬುದು. ನಿಮ್ಮ ಕ್ಷೇತ್ರದ ಜೋಡಿ ಯಾವುದೆಂದು ನಿಮಗೇ ಗೊತ್ತಿರುತ್ತದೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಉದಾಹರಣೆಯ ಪ್ರಶ್ನೆ ಹೀಗಾಗುತ್ತದೆ: 'ಎಸ್ಕಲೇಶನ್ ಕಡಿಮೆಯಾಗಬೇಕು ಎಂದಿರಿ. ಈಗ ನೂರು ಟಿಕೆಟ್‌ಗೆ ಸುಮಾರು ಎಷ್ಟು ಮೇಲಕ್ಕೆ ಹೋಗುತ್ತಿವೆ? ಅದರಲ್ಲಿ ಟೀಮಿಗೆ ಹೇಳಿಕೊಟ್ಟು ತಡೆಯಬಹುದಾದದ್ದು ಎಷ್ಟು ಎಂದು ನಿಮ್ಮ ಅಂದಾಜು?'

4. 90 ದಿನದ ಪ್ರಶ್ನೆಗೆ ಕ್ಯಾಲೆಂಡರ್ ಹಿಡಿದುಕೊಳ್ಳಿ

90 ದಿನ ಎಂಬುದು ಸುಮ್ಮನೆ ಬಂದ ಅಂಕಿಯಲ್ಲ. ಅದು ಒಂದು ತ್ರೈಮಾಸಿಕ, ಕಂಪನಿಗಳು ಲೆಕ್ಕ ನೋಡುವ ಅವಧಿ. ಪ್ರೊಬೇಷನ್ ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ. ಅದು ಕೆಲವು ಕಡೆ ಮೂರು ತಿಂಗಳು, ಹಲವು ಕಡೆ ಆರು ತಿಂಗಳು ಇರುತ್ತದೆ. ನೀವು ಕೇಳುತ್ತಿರುವುದು ಪ್ರೊಬೇಷನ್ ನಿಯಮ ಅಲ್ಲ, ಮೊದಲ ತ್ರೈಮಾಸಿಕದ ಕೆಲಸ. ಎರಡನ್ನೂ ಬೆರೆಸಿ ಕೇಳಿದರೆ ಪ್ರಶ್ನೆ ಎಚ್‌ಆರ್ ಕಡೆ ಹೊರಟುಹೋಗುತ್ತದೆ.

ನಮ್ಮ ಕಡೆ ಜನ ಮರೆಯುವುದು ನೋಟಿಸ್ ಪೀರಿಯಡ್. ಇವತ್ತು ಆಯ್ಕೆಯಾದರೂ 60 ಅಥವಾ 90 ದಿನ ಕಳೆದ ಮೇಲೆ ಸೇರುತ್ತೀರಿ. ಇವತ್ತಿನ ತೊಂದರೆ ಬಗ್ಗೆ ಅವರು ಹೇಳಿದ್ದು ಆ ಹೊತ್ತಿಗೆ ಬೇರೆಯಾಗಿರಬಹುದು. ಆದ್ದರಿಂದ ತಾರೀಕು ಹಾಕಿ ನೋಡಿ.

ಅಕ್ಟೋಬರ್ ಮಧ್ಯದಲ್ಲಿ ಆಫರ್ ಬಂದು ರಾಜೀನಾಮೆ ಕೊಟ್ಟರೆ ನೀವು ಸೇರುವುದು ಡಿಸೆಂಬರ್ ಮಧ್ಯಕ್ಕೆ. ಅಲ್ಲಿಂದ 90 ದಿನ ಅಂದರೆ ಮಾರ್ಚ್ ಮಧ್ಯ. ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಗೆ ಆಗ ಏನು ನಡೆಯುತ್ತಿರುತ್ತದೆ ಎಂದು ಯೋಚಿಸಿ. ತಿಂಗಳು ತಿಂಗಳು ರಿಟರ್ನ್ ಹಾಕುವ ವ್ಯಾಪಾರಸ್ಥರಿಗೆ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಕು, ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಕು ಸಾಮಾನ್ಯ ಗಡುವು. ಆ ದಿನಗಳ ಹಿಂದುಮುಂದು ಫೋನು ಜಾಸ್ತಿ ಬರುವುದು ಸಹಜ. ಅದರ ಮೇಲೆ ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಏಪ್ರಿಲ್ 1ರಿಂದ ಬಿಲ್ ನಂಬರಿನ ಸರಣಿ ಹೊಸದಾಗಿ ಶುರು ಮಾಡುವ ಅಂಗಡಿಯವರೆಲ್ಲ 'ಇದನ್ನು ಬದಲಾಯಿಸೋದು ಹೇಗೆ' ಎಂದು ಕೇಳುತ್ತಾರೆ. ಅಂದರೆ ನಿಮ್ಮ ಮೊದಲ 90 ದಿನ ಮುಗಿಯುವ ಹೊತ್ತಿಗೇ ವರ್ಷದ ದೊಡ್ಡ ನೂಕುನುಗ್ಗಲು ಶುರುವಾಗುತ್ತದೆ.

ಇದನ್ನು ಲೆಕ್ಕ ಹಾಕಿ ಕೇಳಿದವರನ್ನು ಮ್ಯಾನೇಜರ್ ಮರೆಯುವುದಿಲ್ಲ. ಪ್ರಶ್ನೆ ಹೀಗೆ: 'ಅವಕಾಶ ಸಿಕ್ಕರೆ ನಾನು ಡಿಸೆಂಬರ್ ಮಧ್ಯದಲ್ಲಿ ಸೇರಬಹುದು. ಮಾರ್ಚ್ ಕೊನೆಯ ಒತ್ತಡ ಬರುವ ಮೊದಲು ಟೀಮಿನಲ್ಲಿ ಯಾವ ಒಂದು ಬದಲಾವಣೆ ಆಗಿರಬೇಕು ಎಂದು ನೀವು ಬಯಸುತ್ತೀರಿ?'

'ಒಂದು' ಎಂಬ ಮಾತು ಬಿಡಬೇಡಿ. ಅದಿದ್ದರೆ ಅವರು ಆರಿಸಿಕೊಳ್ಳಬೇಕಾಗುತ್ತದೆ. ಅದಿಲ್ಲದಿದ್ದರೆ ಪಟ್ಟಿ ಬರುತ್ತದೆ. 'ಸೇರಿದ ಮೇಲೆ' ಎಂದು ಬರೆಯದೆ 'ಅವಕಾಶ ಸಿಕ್ಕರೆ' ಎಂದೇ ಬರೆಯಿರಿ. ಆಯ್ಕೆ ಇನ್ನೂ ಆಗಿಲ್ಲ ಎಂಬುದು ನಿಮಗೆ ನೆನಪಿದೆ ಎಂದು ತೋರಬೇಕು.

ಐಟಿ ಸೇವಾ ಕಂಪನಿಗಳಿಗೆ ಹೋಗುವವರು ಈ ಪ್ರಶ್ನೆಯನ್ನು ಬದಲಾಯಿಸಿಕೊಳ್ಳಬೇಕು. ಅಲ್ಲಿ ಕೆಲವು ಸಲ ಯಾವ ಪ್ರಾಜೆಕ್ಟ್ ಎಂದು ಸೇರುವ ತನಕ ಗೊತ್ತಿರುವುದಿಲ್ಲ. ಪ್ರಾಜೆಕ್ಟ್ ಸಿಗುವವರೆಗೆ ಕಾಯುವುದನ್ನು ಬೆಂಚ್ ಎನ್ನುತ್ತಾರೆ. 'ಈ ಹುದ್ದೆ ಈಗಾಗಲೇ ನಿಗದಿಯಾದ ಪ್ರಾಜೆಕ್ಟಿಗಾ? ಆಗಿದ್ದರೆ ಕ್ಲೈಂಟ್ ಕಡೆಯಿಂದ ಇನ್ನೊಂದು ಇಂಟರ್‌ವ್ಯೂ ಇರುತ್ತದಾ?' ಎಂದು ಕೇಳುವುದೇ ಅಲ್ಲಿ 90 ದಿನದ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಬೇರೆ ಅಳತೆ ಕೇಳಿ ಉಪಯೋಗವಿಲ್ಲ.

5. ಮೇಲ್ ಬರೆಯಿರಿ

ಅವತ್ತು ಸಂಜೆ ಅಥವಾ ಮರುದಿನ ಬೆಳಗ್ಗೆ ಕಳಿಸಿ. ಶುಕ್ರವಾರ ಸಂಜೆ ಇಂಟರ್‌ವ್ಯೂ ಆಗಿದ್ದರೆ ಸೋಮವಾರ ಬೆಳಗ್ಗೆ ಕಳಿಸಿದರೂ ನಡೆಯುತ್ತದೆ. ಇಂಟರ್‌ವ್ಯೂ ಬಗ್ಗೆ ಬಂದ ಮೇಲ್‌ಗೇ ರಿಪ್ಲೈ ಮಾಡಿದರೆ ನೀವು ಯಾರು ಎಂದು ಅವರು ಹುಡುಕಬೇಕಾಗಿಲ್ಲ. ಇಂಟರ್‌ವ್ಯೂನಲ್ಲಿ ಅವರು ಹೆಸರು ಹಿಡಿದು ಕರೆಯಿರಿ ಎಂದಿದ್ದರೆ ಹೆಸರು, ಇಲ್ಲದಿದ್ದರೆ ಸರ್, ಮೇಡಂ. ಇದಕ್ಕಾಗಿ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ.

ಹೆಚ್ಚಿನ ಕಡೆ ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಸಾಲಿನ ಅಳತೆ ಮತ್ತು ಕ್ರಮ ಗಮನಿಸಿ, ನಿಮ್ಮ ಸರಳ ಇಂಗ್ಲಿಷಿನಲ್ಲಿ ಬರೆಯಿರಿ.

> ನಮಸ್ಕಾರ ಮೇಡಂ,
>
> ನಿನ್ನೆ ಸಪೋರ್ಟ್ ಟೀಮ್ ಲೀಡ್ ಹುದ್ದೆಯ ಬಗ್ಗೆ ಸಮಯ ಕೊಟ್ಟು ಮಾತಾಡಿದ್ದಕ್ಕೆ ಧನ್ಯವಾದ. ಎಸ್ಕಲೇಶನ್‌ಗಳನ್ನು ಟೀಮ್ ಮಟ್ಟದಲ್ಲೇ ತಡೆಯಬೇಕು ಎಂದು ನೀವು ಹೇಳಿದ್ದು ನನ್ನ ಈಗಿನ ಕೆಲಸಕ್ಕೆ ತುಂಬಾ ಹತ್ತಿರವಾಗಿದೆ. ಈ ಹುದ್ದೆಯಲ್ಲಿ ನನಗೆ ಆಸಕ್ತಿ ಇದೆ.
>
> ಎರಡು ವಿಷಯ ತಿಳಿದರೆ ಕೆಲಸವನ್ನು ಇನ್ನಷ್ಟು ಸರಿಯಾಗಿ ಅರ್ಥ ಮಾಡಿಕೊಳ್ಳಬಹುದು.
>
> ಈಗ ನೂರು ಟಿಕೆಟ್‌ಗೆ ಸುಮಾರು ಎಷ್ಟು ಎಸ್ಕಲೇಟ್ ಆಗುತ್ತಿವೆ, ಅದರಲ್ಲಿ ಟೀಮಿಗೆ ಹೇಳಿಕೊಟ್ಟು ತಡೆಯಬಹುದಾದದ್ದು ಎಷ್ಟು ಎಂದು ನಿಮ್ಮ ಅಂದಾಜು?
>
> ಅವಕಾಶ ಸಿಕ್ಕರೆ ನಾನು ಡಿಸೆಂಬರ್ ಮಧ್ಯದಲ್ಲಿ ಸೇರಬಹುದು. ಮಾರ್ಚ್ ಕೊನೆಯ ಒತ್ತಡಕ್ಕೆ ಮುಂಚೆ ಟೀಮಿನಲ್ಲಿ ಯಾವ ಒಂದು ಬದಲಾವಣೆ ಕಾಣಬೇಕು ಎಂದು ಬಯಸುತ್ತೀರಿ?
>
> ಬರೆಯುವುದಕ್ಕಿಂತ ಹೇಳುವುದು ಸುಲಭವಾದರೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದು. ಅಂಕಿ ಹೊರಗೆ ಹೇಳುವಂಥದ್ದಲ್ಲ ಎಂದಾದರೆ ಸ್ಥೂಲವಾಗಿ ಹೇಳಿದರೂ ಸಾಕು.

ಕೊನೆಯ ಸಾಲು ಸಣ್ಣದು, ಆದರೆ ಬೇಕು. ಕಂಪನಿಯ ಒಳಗಿನ ಅಂಕಿಯನ್ನು ಇನ್ನೂ ಸೇರದವರಿಗೆ ಹೇಳಲು ಕೆಲವರಿಗೆ ಅನುಮತಿ ಇರುವುದಿಲ್ಲ. ಆ ಸಾಲು ಇಲ್ಲದಿದ್ದರೆ ಅವರು ಉತ್ತರಿಸದೆ ಸುಮ್ಮನಾಗುತ್ತಾರೆ.

ಈ ಮೇಲ್‌ನಲ್ಲಿ ಬರಬಾರದ ವಿಷಯಗಳೂ ಇವೆ. ಸಂಬಳ, ವರ್ಕ್ ಫ್ರಮ್ ಹೋಮ್, ರಜೆ, ಬಡ್ತಿ ಯಾವುದೂ ಬೇಡ. ಅಳತೆ ಕೇಳುವ ಮೇಲ್‌ಗೆ ಸಂಬಳದ ಸಾಲು ಸೇರಿದರೆ ಓದುವವರಿಗೆ ಮೊದಲು ಕಾಣುವುದು ಸಂಬಳವೇ. ಹಾಗೆಯೇ ಅವರು ಕೇಳದೆ ಇರುವಾಗ '90 ದಿನದ ನನ್ನ ಯೋಜನೆ' ಎಂದು ಹತ್ತು ಸ್ಲೈಡ್ ಲಗತ್ತಿಸಬೇಡಿ. ಒಳಗಿನ ಪರಿಸ್ಥಿತಿ ಗೊತ್ತಿಲ್ಲದೆ ಮಾಡಿದ ಯೋಜನೆಯಲ್ಲಿ ಒಂದು ತಪ್ಪು ಊಹೆ ಇದ್ದರೂ ಅದೇ ಚರ್ಚೆಯಾಗುತ್ತದೆ. ಇಂಟರ್‌ವ್ಯೂನಲ್ಲಿ ಅವರು ಆಗಲೇ ಹೇಳಿದ್ದನ್ನು ಮತ್ತೆ ಕೇಳುವುದು ಇನ್ನೂ ಕೆಟ್ಟದು. ಕಳಿಸುವ ಮೊದಲು ನಿಮ್ಮ ಟಿಪ್ಪಣಿ ಒಂದು ಸಲ ಓದಿಕೊಳ್ಳಿ.

6. ಬಂದ ಉತ್ತರವನ್ನು ಓದುವುದು

ಉತ್ತರ ಬಂತು ಎಂದು ಖುಷಿಪಟ್ಟು ಬಿಡಬೇಡಿ. ಪೆನ್ನು ಹಿಡಿದು ಲೆಕ್ಕ ಹಾಕಿ.

ನಮ್ಮ ಉದಾಹರಣೆಯ ಮ್ಯಾನೇಜರ್ ಹೀಗೆ ಬರೆದರು ಅಂದುಕೊಳ್ಳೋಣ: 'ನೂರಕ್ಕೆ 14 ಹೋಗುತ್ತಿವೆ. ಅದರಲ್ಲಿ ಅರ್ಧ ಟೀಮಿನವರಿಗೆ ಗೊತ್ತಿಲ್ಲದೆ ಆಗುವುದು, ಉಳಿದದ್ದು ಸಾಫ್ಟ್‌ವೇರ್ ದೋಷ. ಮಾರ್ಚ್ ಹೊತ್ತಿಗೆ 8ಕ್ಕೆ ಇಳಿಯಬೇಕು.'

ಓದಿದಾಗ ಸರಳವಾಗಿದೆ. ಈಗ ಬಿಡಿಸಿ ನೋಡಿ. 14ರಿಂದ 8ಕ್ಕೆ ಅಂದರೆ 6 ಕಡಿಮೆಯಾಗಬೇಕು. ಟೀಮ್ ಲೀಡ್ ಕೈಯಲ್ಲಿರುವುದು 14ರ ಅರ್ಧ, ಅಂದರೆ 7. ಆ 7ರಲ್ಲಿ 6 ಹೋಗಬೇಕು. ಸಾಫ್ಟ್‌ವೇರ್ ದೋಷ ಒಂದೂ ಸರಿಯಾಗದಿದ್ದರೆ, ಟೀಮಿನ ತಪ್ಪು ಹೆಚ್ಚುಕಮ್ಮಿ ಪೂರ್ತಿ ನಿಲ್ಲಬೇಕು. ಅದೂ ನೀವು ಟೀಮಿನವರ ಹೆಸರು, ಸಾಫ್ಟ್‌ವೇರ್ ಎಲ್ಲ ಕಲಿಯುತ್ತಿರುವ ಮೂರು ತಿಂಗಳಲ್ಲಿ. ಮೇಲ್ನೋಟಕ್ಕೆ ಅರ್ಧಕ್ಕಿಂತ ಕಡಿಮೆ ಇಳಿಕೆ ಅನಿಸುವ ಗುರಿ ನಿಮ್ಮ ಪಾಲಿಗೆ ಏಳರಲ್ಲಿ ಆರು. ಇದು ಆಗದ ಮಾತು ಎಂದಲ್ಲ, ಆದರೆ ಒಬ್ಬರೇ ಮಾಡುವ ಕೆಲಸವಂತೂ ಅಲ್ಲ.

ಇನ್ನೊಂದು ಹುಳುಕು ಕೂಡ ಇದೆ. 14 ಎಂಬುದು ಯಾವ ತಿಂಗಳ ಅಂಕಿ? ಸೆಪ್ಟೆಂಬರಿನ 14ನ್ನು ಮಾರ್ಚಿನ 8ಕ್ಕೆ ಹೋಲಿಸಿದರೆ ಲೆಕ್ಕ ನಿಮ್ಮ ವಿರುದ್ಧ ವಾಲುತ್ತದೆ, ಯಾಕೆಂದರೆ ಮಾರ್ಚಿನಲ್ಲಿ ಒತ್ತಡವೇ ಬೇರೆ. ಹೋದ ವರ್ಷದ ಮಾರ್ಚ್ ಜೊತೆ ಹೋಲಿಸುವುದು ನ್ಯಾಯ.

ಇದಕ್ಕೆ ನೀವು ಕೊಡುವ ಮರುಉತ್ತರ ಎರಡು ಮೂರು ಸಾಲು ಇರಲಿ, ವಾದದ ಹಾಗೆ ಕಾಣಬಾರದು: 'ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ಟೀಮಿನ ಕಡೆಯ ಅರ್ಧವನ್ನು ತರಬೇತಿ ಮತ್ತು ಸಿದ್ಧ ಉತ್ತರಗಳ ಮೂಲಕ ಇಳಿಸಿದ ಅನುಭವ ನನಗಿದೆ. 8ಕ್ಕೆ ಬರಲು ಸಾಫ್ಟ್‌ವೇರ್ ದೋಷವೂ ಸ್ವಲ್ಪ ಕಡಿಮೆಯಾಗಬೇಕಾಗಬಹುದು. ಈ ಗುರಿಯಲ್ಲಿ ಎಂಜಿನಿಯರಿಂಗ್ ಟೀಮಿಗೂ ಪಾಲು ಇದೆಯೇ?' ಅನುಭವ ಇಲ್ಲದಿದ್ದರೆ ಎರಡನೇ ವಾಕ್ಯ ಬರೆಯಬೇಡಿ. ತಿಂಗಳ ಹೋಲಿಕೆಯ ವಿಷಯ ಮುಂದಿನ ಮಾತುಕತೆಗೆ ಇಟ್ಟುಕೊಳ್ಳಿ, ಒಂದೇ ಮೇಲ್‌ನಲ್ಲಿ ಎಲ್ಲವನ್ನೂ ತುರುಕಬೇಡಿ.

ಎಲ್ಲರಿಗೂ ಇಂಥ ಅಂಕಿ ಸಿಗುವುದಿಲ್ಲ. 'ಕೆಆರ್‌ಎ ಸೇರಿದ ಮೇಲೆ ಕೊಡುತ್ತೇವೆ' ಎಂದರೆ ಗಾಬರಿ ಬೇಡ. ದೊಡ್ಡ ಕಂಪನಿಗಳಲ್ಲಿ ಅದು ನಿಜವಾಗಿಯೂ ಸೇರಿದ ಮೇಲೆ ಸಿಸ್ಟಮ್‌ನಲ್ಲಿ ಹಾಕುವ ವಿಷಯ. ಆಗ ಇದೇ ಹುದ್ದೆಯಲ್ಲಿ ಈಗ ಇರುವವರನ್ನು ಯಾವುದರ ಮೇಲೆ ನೋಡುತ್ತಾರೆ ಎಂದು ಮುಂದಿನ ಸುತ್ತಿನಲ್ಲಿ ಬಾಯಿಮಾತಲ್ಲಿ ಕೇಳಿ. ಎಂಟು ಹತ್ತು ವಿಷಯಗಳ ಪಟ್ಟಿ ಬಂದರೆ, 'ಇವುಗಳಲ್ಲಿ ಮೊದಲು ಯಾವುದು?' ಎಂಬ ಒಂದೇ ಪ್ರಶ್ನೆ ವಾಪಸ್ ಕಳಿಸಿ.

ನಾನು ಎಚ್ಚರಿಕೆಯಿಂದ ಇರಿ ಎಂದು ಹೇಳುವುದು ಬೇರೊಂದು ಸಂದರ್ಭದಲ್ಲಿ. ಮ್ಯಾನೇಜರ್ ಹೇಳುವುದೊಂದು, ಎಚ್‌ಆರ್ ಹೇಳುವುದೊಂದು ಆದಾಗ. ಎಚ್‌ಆರ್ 'ಇದು ಟೀಮ್ ಕಟ್ಟುವ ಕೆಲಸ' ಎನ್ನುತ್ತಾರೆ, ಮ್ಯಾನೇಜರ್ ಉತ್ತರದಲ್ಲಿ ಟೀಮ್ ಎಂಬ ಪದವೇ ಇರುವುದಿಲ್ಲ, ಎಲ್ಲ ನೀವೇ ಎಷ್ಟು ಟಿಕೆಟ್ ಮುಗಿಸಬೇಕು ಎಂಬುದೇ ಇರುತ್ತದೆ. ಇಲ್ಲಿ ಮ್ಯಾನೇಜರ್ ಮಾತನ್ನೇ ನಂಬಿ. ದಿನವೂ ನಿಮ್ಮ ಕೆಲಸ ನೋಡುವವರು ಅವರು. ಹೆಸರಿಗೆ ಲೀಡ್, ಕೆಲಸ ಮಾತ್ರ ಹಳೆಯದೇ ಆಗಿದ್ದರೆ ಅದನ್ನು ಒಪ್ಪುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಆದರೆ ರಾಜೀನಾಮೆ ಕೊಡುವ ಮೊದಲು ಗೊತ್ತಿರಬೇಕು, ಅಲ್ವಾ?

7. ಉತ್ತರವೇ ಬರದಿದ್ದರೆ

ಐದು ಕೆಲಸದ ದಿನ ಕಾಯಿರಿ. ಆಮೇಲೆ ರಿಕ್ರೂಟರ್‌ಗೆ ಒಂದೇ ಒಂದು ಮೇಲ್ ಹಾಕಿ, ಆಯ್ಕೆ ಪ್ರಕ್ರಿಯೆ ಎಲ್ಲಿಗೆ ಬಂತು ಎಂದು ಮಾತ್ರ ಕೇಳಿ. ಹಳೆಯ ಪ್ರಶ್ನೆಗಳನ್ನು ಮತ್ತೆ ನೆನಪಿಸಬೇಡಿ. ಮ್ಯಾನೇಜರ್‌ಗೆ ಎರಡನೇ ಸಲ ಬರೆಯುವುದೂ ಬೇಡ. ಉತ್ತರ ಬರಲಿಲ್ಲ ಅಂದರೆ ನಿಮ್ಮನ್ನು ಕೈಬಿಟ್ಟರು ಎಂದೇ ಅರ್ಥವಲ್ಲ. ಎಷ್ಟೋ ಕಂಪನಿಗಳಲ್ಲಿ ಪ್ರಕ್ರಿಯೆ ನಡೆಯುವಾಗ ಅಭ್ಯರ್ಥಿಗಳ ಜೊತೆ ಎಚ್‌ಆರ್ ಮಾತ್ರ ಮಾತಾಡಬೇಕು ಎಂಬ ನಿಯಮ ಇರುತ್ತದೆ.

ಪ್ರಶ್ನೆಗಳನ್ನು ಎಸೆಯಬೇಡಿ, ಆಫರ್ ಬರುವ ತನಕ ಇಟ್ಟುಕೊಳ್ಳಿ.

8. ಆಫರ್ ಬಂದ ದಿನ

ಆಫರ್ ಬಂದ ಮೇಲೆ ನಿಮ್ಮ ಮಾತಿಗೆ ತೂಕ ಜಾಸ್ತಿ. ಒಪ್ಪಿಕೊಳ್ಳುವ ಮೊದಲು, 'ಮ್ಯಾನೇಜರ್ ಜೊತೆ ಹದಿನೈದು ನಿಮಿಷ ಮಾತಾಡಲು ಅವಕಾಶ ಮಾಡಿಕೊಡಿ' ಎಂದು ಎಚ್‌ಆರ್‌ಗೆ ಕೇಳಿ. ಈ ಹಂತದಲ್ಲಿ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಮೇಲ್‌ಗೆ ಉತ್ತರ ಬಾರದೆ ಉಳಿದ ಎರಡು ಪ್ರಶ್ನೆ, ತಿಂಗಳ ಹೋಲಿಕೆಯ ಮಾತು ಎಲ್ಲವನ್ನೂ ಅಲ್ಲಿ ಕೇಳಬಹುದು.

ಆಫರ್ ಲೆಟರ್‌ನಲ್ಲಿ ವೇರಿಯಬಲ್ ಪೇ ಎಂಬ ಸಾಲು ಇದೆಯಾ ನೋಡಿ. ಅಂದರೆ ಸಂಬಳದಲ್ಲಿ ಗುರಿ ಮುಟ್ಟಿದರೆ ಮಾತ್ರ ಸಿಗುವ ಭಾಗ. ವರ್ಷಕ್ಕೆ 9 ಲಕ್ಷ ಎಂದು ಬರೆದು ಅದರಲ್ಲಿ 90 ಸಾವಿರ ವೇರಿಯಬಲ್ ಆಗಿದ್ದರೆ, ಖಚಿತವಾಗಿ ಲೆಕ್ಕಕ್ಕೆ ಬರುವುದು 8 ಲಕ್ಷ 10 ಸಾವಿರ ಮಾತ್ರ. ಉಳಿದದ್ದು ಇಷ್ಟು ಹೊತ್ತು ನಾವು ಮಾತಾಡಿದ ಅಂಕಿಗಳ ಮೇಲೆ ನಿಂತಿರಬಹುದು. ಈಗ ಎಚ್‌ಆರ್‌ಗೆ ನೇರವಾಗಿ ಕೇಳಿ: ವೇರಿಯಬಲ್ ನನ್ನ ಕೆಲಸದ ಮೇಲೆ ನಿರ್ಧಾರವಾಗುತ್ತದಾ, ಕಂಪನಿಯ ಲಾಭದ ಮೇಲಾ, ಎರಡೂ ಸೇರಿಯಾ? ವರ್ಷದ ಮಧ್ಯೆ ಸೇರಿದವರಿಗೆ ಹೇಗೆ ಲೆಕ್ಕ ಹಾಕುತ್ತೀರಿ? ಡಿಸೆಂಬರಿನಲ್ಲಿ ಸೇರಿದವರು ಏಪ್ರಿಲ್ ಅಪ್ರೈಸಲ್‌ಗೆ ಬರುತ್ತಾರಾ? ಅಪ್ರೈಸಲ್ ಅಂದರೆ ವರ್ಷದ ಕೆಲಸ ನೋಡಿ ಸಂಬಳ ಏರಿಸುವ ಪ್ರಕ್ರಿಯೆ. ಇಂತಿಷ್ಟು ತಾರೀಕಿನ ನಂತರ ಸೇರಿದವರನ್ನು ಆ ವರ್ಷ ಸೇರಿಸುವುದಿಲ್ಲ ಎಂಬ ನಿಯಮ ಅನೇಕ ಕಡೆ ಇದೆ. ಹಾಗಾದರೆ ಮೊದಲ ಏರಿಕೆಗೆ ಆ ಏಪ್ರಿಲ್ ಬಿಟ್ಟು ಅದರ ಮುಂದಿನ ವರ್ಷದ ಏಪ್ರಿಲ್ ತನಕ ಕಾಯಬೇಕು. ಇಂಟರ್‌ವ್ಯೂ ಆದ ಮರುದಿನ ಕೇಳಬಾರದ ಪ್ರಶ್ನೆಗಳು ಇವು. ಆಫರ್ ಕೈಯಲ್ಲಿರುವಾಗ ಕೇಳದೆ ಇರಬಾರದ ಪ್ರಶ್ನೆಗಳೂ ಇವೇ.

ಮ್ಯಾನೇಜರ್ ಜೊತೆ ಫೋನಿನಲ್ಲಿ ಮಾತಾಡಿದ್ದರೆ ಅವತ್ತೇ ಅವರಿಗೆ ಮೂರು ಸಾಲಿನ ಮೇಲ್ ಹಾಕಿ: 'ಇವತ್ತು ಮಾತಾಡಿದ್ದರಿಂದ ನಾನು ತಿಳಿದುಕೊಂಡದ್ದು ಹೀಗಿದೆ. ಮಾರ್ಚ್ ಹೊತ್ತಿಗೆ ನೂರಕ್ಕೆ 8ರಿಂದ 10, ಹೋದ ಮಾರ್ಚ್ ಜೊತೆ ಹೋಲಿಕೆ, ಸಾಫ್ಟ್‌ವೇರ್ ದೋಷದ ಪಾಲು ಎಂಜಿನಿಯರಿಂಗ್ ಟೀಮಿನದು. ಎಲ್ಲಾದರೂ ತಪ್ಪು ತಿಳಿದಿದ್ದರೆ ತಿದ್ದಿ.' ಇದು ಕರಾರು ಅಲ್ಲ, ಕಂಪನಿ ಗುರಿ ಬದಲಾಯಿಸಿದರೆ ಈ ಮೇಲ್ ತೋರಿಸಿ ತಡೆಯಲು ಆಗುವುದಿಲ್ಲ. ಆದರೆ ಸೇರಿದ ಮೊದಲ ವಾರ ಮ್ಯಾನೇಜರ್ ಜೊತೆ ಕೂತಾಗ ಮಾತು ಮೊದಲಿನಿಂದ ಶುರುವಾಗುವುದಿಲ್ಲ. ಮೇಲ್ ಐಡಿ ಬದಲಾಗುತ್ತದೆ ಎಂಬುದು ನೆನಪಿರಲಿ. ಹಳೆಯ ಕಂಪನಿಯ ಐಡಿಯಿಂದ ಈ ಮಾತುಕತೆ ಮಾಡಲೇಬೇಡಿ, ನಿಮ್ಮ ಸ್ವಂತ ಐಡಿಯಿಂದಲೇ ಬರೆಯಿರಿ. ಸೇರುವ ದಿನ ಆ ಮೇಲ್‌ನ ಒಂದು ಪ್ರತಿ ಫೋನಿನಲ್ಲಿ ಇಟ್ಟುಕೊಳ್ಳಿ.